BBBಗೂ BBಗೂ ನಡುವೆ ಎಷ್ಟು ಅಪಾಯ? ಬಾಂಡ್ ರೇಟಿಂಗ್ ಅಂತರವನ್ನು ಲೆಕ್ಕಕ್ಕೆ ಇಳಿಸುವ ಬಗೆ

ಕಾರ್ಪೊರೇಟ್ ಬಾಂಡ್ ರೇಟಿಂಗ್ ಓದುವಾಗ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. AAA ಒಂದನೇ ಮೆಟ್ಟಿಲು, AA ಎರಡನೇದು, A ಮೂರನೇದು ಎಂದು ಎಣಿಸುತ್ತಾರೆ. ಪ್ರತಿ ಮೆಟ್ಟಿಲಿಗೂ ಅಪಾಯ ಒಂದೇ ಅಳತೆಯಲ್ಲಿ ಏರುತ್ತದೆ ಎಂದುಕೊಳ್ಳುತ್ತಾರೆ. "ಒಂದೇ ದರ್ಜೆ ಕೆಳಗೆ ಅಲ್ವಾ, ಬಡ್ಡಿ ಜಾಸ್ತಿ ಬರುತ್ತದೆ, ತಗೊಳ್ಳೋಣ" ಎಂಬ ತೀರ್ಮಾನ ಹುಟ್ಟುವುದು ಇಲ್ಲಿಂದಲೇ. ಆದರೆ ಈ ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ. ಮೇಲಿನವು ತೀರಾ ಗಿಡ್ಡ, ಕೆಳಗಿನವು ಆಳುದ್ದ.

ಆ ಅಂತರವನ್ನು ಅಂಕಿಯಾಗಿ, ಆಮೇಲೆ ನಷ್ಟವಾಗಿ, ಕೊನೆಗೆ ಬಾಂಡ್ ಕೊಡುವ ವಾರ್ಷಿಕ ಗಳಿಕೆಯ, ಅಂದರೆ ಇಳುವರಿಯ, ಜೊತೆ ತೂಗುವ ಲೆಕ್ಕವಾಗಿ ಮಾಡುವುದು ಹೇಗೆ ಎಂಬುದಷ್ಟೇ ಇಲ್ಲಿರುವ ವಿಷಯ. ಉದ್ದಕ್ಕೂ ಒಂದೇ ಉದಾಹರಣೆ ಬಳಸುತ್ತೇನೆ: ಐದು ವರ್ಷದ ಎರಡು ಬಾಂಡ್‌ಗಳು, ಒಂದು BBB, ಇನ್ನೊಂದು BB. ಹಂತಗಳ ಕ್ರಮ ಮುಖ್ಯ. ಒಂದನ್ನು ಬಿಟ್ಟು ಮುಂದಕ್ಕೆ ಹಾರಿದರೆ ಉತ್ತರ ತಪ್ಪುತ್ತದೆ.

## ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದವು

ಬಾಂಡಿನ ಆಫರ್ ಡಾಕ್ಯುಮೆಂಟ್ ಬೇಕು. ಕಂಪನಿ ಮುಳುಗಿದರೆ ನಿಮ್ಮ ಸರದಿ ಎಷ್ಟನೆಯದು ಎಂಬುದು ಅದರಲ್ಲಿರುತ್ತದೆ. ಎರಡನೆಯದಾಗಿ ರೇಟಿಂಗ್ ಏಜೆನ್ಸಿಯ ಇತ್ತೀಚಿನ ವರದಿ ಬೇಕು. ಬರೀ ಅಕ್ಷರ ಸಾಲದು, ಪೂರ್ತಿ ವರದಿ ಬೇಕು. ಮೂರನೆಯದು, ಅದೇ ಏಜೆನ್ಸಿ ಪ್ರತಿ ವರ್ಷ ಹೊರತರುವ ಡೀಫಾಲ್ಟ್ ಅಧ್ಯಯನ. ಯಾವ ದರ್ಜೆಯ ಕಂಪನಿಗಳಲ್ಲಿ ಎಷ್ಟು ಪಾಲು ಎಷ್ಟು ವರ್ಷದಲ್ಲಿ ಸಾಲ ಕಟ್ಟಲಾಗದೆ ಕುಳಿತವು ಎಂಬ ಪಟ್ಟಿ ಅದರಲ್ಲಿ ಇರುತ್ತದೆ. ಅಮೆರಿಕದಲ್ಲಿ ನೋಂದಾಯಿತ ಏಜೆನ್ಸಿಗಳು ಇದೇ ಬಗೆಯ ಅಂಕಿಗಳನ್ನು `Form NRSRO` ಎಂಬ ದಾಖಲೆಯ `Exhibit 1` ಭಾಗದಲ್ಲಿ ಪ್ರಕಟಿಸಲೇಬೇಕು. ಅದನ್ನು ಅವರ ವೆಬ್‌ಸೈಟಿನಿಂದಲೇ ಉಚಿತವಾಗಿ ತೆಗೆದುಕೊಳ್ಳಬಹುದು.

ಇವುಗಳ ಜೊತೆ ಅದೇ ಅವಧಿಯ ಸರ್ಕಾರಿ ಬಾಂಡಿನ ಇಳುವರಿ ಗೊತ್ತಿರಬೇಕು. ಲೆಕ್ಕಕ್ಕೆ ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು.

## ಹಂತ 1: ಸರಿಯಾದ ರೇಟಿಂಗ್ ಯಾವುದು ಎಂದು ಗುರುತಿಸಿ

ಒಂದೇ ಕಂಪನಿಗೆ ಎರಡು ಮೂರು ರೇಟಿಂಗ್ ಇರಬಹುದು. ಕಂಪನಿಗೆ ಕೊಟ್ಟದ್ದು ಒಂದು, ಅದು ಹೊರಡಿಸಿದ ಪ್ರತಿ ಬಾಂಡಿಗೆ ಕೊಟ್ಟದ್ದು ಇನ್ನೊಂದು. ಹಲವರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಹೀಗೆ ನೆನಪಿಟ್ಟುಕೊಳ್ಳಿ: ಡೀಫಾಲ್ಟ್ ಆಗುವುದು ಕಂಪನಿ, ನಷ್ಟ ಆಗುವುದು ಬಾಂಡಿಗೆ. ಹಾಗಾಗಿ ಡೀಫಾಲ್ಟ್ ಸಾಧ್ಯತೆ ಹುಡುಕುವಾಗ ಕಂಪನಿಯ ರೇಟಿಂಗ್ ಬಳಸಿ. ಡೀಫಾಲ್ಟ್ ಆದ ಮೇಲೆ ಎಷ್ಟು ಕೈಗೆ ಬರುತ್ತದೆ ಎಂದು ನೋಡುವಾಗ ಆ ಬಾಂಡಿನ ಸ್ಥಾನ ನೋಡಿ.

ಇದು ಯಾಕೆ ಅಷ್ಟು ಮುಖ್ಯ ಎಂದರೆ, ಬಾಂಡಿನ ರೇಟಿಂಗ್‌ನಲ್ಲಿ ವಸೂಲಿಯ ಅಂದಾಜು ಆಗಲೇ ಸೇರಿರಬಹುದು. ಕೊನೆಯ ಸರದಿಯ ಸಾಲಕ್ಕೆ ಏಜೆನ್ಸಿಗಳು ಕಂಪನಿಯ ರೇಟಿಂಗ್‌ಗಿಂತ ಒಂದೆರಡು ಮೆಟ್ಟಿಲು ಕೆಳಗಿನದ್ದನ್ನು ಕೊಡುವುದು ರೂಢಿ. ಆ ಕೆಳಗಿನ ರೇಟಿಂಗ್ ಹಿಡಿದು ಡೀಫಾಲ್ಟ್ ದರ ತೆಗೆದು, ಮೇಲೆ ಮತ್ತೆ ಕಡಿಮೆ ವಸೂಲಿ ಲೆಕ್ಕ ಹಾಕಿದರೆ ಒಂದೇ ಅಪಾಯವನ್ನು ಎರಡು ಸಲ ಕಳೆದಂತಾಗುತ್ತದೆ.

ಎರಡನೇ ಪರೀಕ್ಷೆ ಸ್ಕೇಲಿನದು. ಜಾಗತಿಕ ಸ್ಕೇಲಿನ AAA ಬೇರೆ, ಒಂದು ದೇಶದೊಳಗಿನ ಸ್ಕೇಲಿನ AAA ಬೇರೆ. ದೇಶೀಯ ಸ್ಕೇಲಿನಲ್ಲಿ AAA ಎಂದರೆ ಆ ದೇಶದ ಸಾಲಗಾರರ ಪೈಕಿ ಅತಿ ಗಟ್ಟಿ ಗುಂಪು ಎಂದಷ್ಟೇ ಅರ್ಥ. ಜಾಗತಿಕ ಸ್ಕೇಲಿನಲ್ಲಿ ಅದೇ ಕಂಪನಿ BBB ಆಗಿರಬಹುದು, BB ಕೂಡ ಆಗಿರಬಹುದು. ದೇಶೀಯ ರೇಟಿಂಗ್‌ನಲ್ಲಿ ಸಾಮಾನ್ಯವಾಗಿ ದೇಶದ ಗುರುತು ಅಂಟಿರುತ್ತದೆ. ಮೆಕ್ಸಿಕೋದ್ದು ಎಸ್ ಅಂಡ್ ಪಿ ಏಜೆನ್ಸಿಯಲ್ಲಿ mxAAA, ಮೂಡೀಸ್ ಏಜೆನ್ಸಿಯಲ್ಲಿ AAA.mx. ದೇಶೀಯ ರೇಟಿಂಗ್‌ಗೆ ಜಾಗತಿಕ ಡೀಫಾಲ್ಟ್ ಪಟ್ಟಿ ಬಳಸಬೇಡಿ. ಅದಕ್ಕೆ ಆ ಸ್ಕೇಲಿನದೇ ಅಧ್ಯಯನ ಬೇಕು.

ಅಕ್ಷರಗಳ ಸಾಲು ಇದು. ಎಸ್ ಅಂಡ್ ಪಿ ಮತ್ತು ಫಿಚ್‌ನಲ್ಲಿ AAA, AA, A, BBB, BB, B, CCC, CC, C, ಕಡೆಗೆ ಡೀಫಾಲ್ಟ್ ಆದವರಿಗೆ D. ಮೂಡೀಸ್‌ನಲ್ಲಿ Aaa, Aa, A, Baa, Ba, B, Caa, Ca, C. ಅಲ್ಲಿ D ಇಲ್ಲ. BBB ಅಥವಾ Baa ತನಕ ಇರುವುದನ್ನು ಇನ್ವೆಸ್ಟ್‌ಮೆಂಟ್ ಗ್ರೇಡ್ ಎನ್ನುತ್ತಾರೆ. ಅದರ ಕೆಳಗಿನದು ಸ್ಪೆಕ್ಯುಲೇಟಿವ್ ಗ್ರೇಡ್, ಮಾತಿನಲ್ಲಿ ಜಂಕ್.

## ಹಂತ 2: ಅಕ್ಷರವನ್ನು ಡೀಫಾಲ್ಟ್ ದರವಾಗಿ ಬದಲಾಯಿಸಿ

ಏಜೆನ್ಸಿಗಳು "BBB ಎಂದರೆ ಇಷ್ಟು ಶೇಕಡಾ ಡೀಫಾಲ್ಟ್" ಎಂದು ಮಾತು ಕೊಡುವುದಿಲ್ಲ. ರೇಟಿಂಗ್ ಹೇಳುವುದು ಸಾಲಗಾರರನ್ನು ಹೋಲಿಸಿ ಇಟ್ಟ ಕ್ರಮವನ್ನು. ಅಂಕಿ ಬೇಕಾದರೆ ಹಿಂದೆ ಆ ದರ್ಜೆಯಲ್ಲಿ ಇದ್ದವರಿಗೆ ಏನಾಯಿತು ಎಂದು ನೋಡಬೇಕು. ಎಸ್ ಅಂಡ್ ಪಿ 1981ರಿಂದ ಇಟ್ಟಿರುವ ಜಾಗತಿಕ ಸರಾಸರಿಗಳು ಸುಮಾರಾಗಿ ಹೀಗಿವೆ. ಪ್ರತಿ ವರ್ಷದ ಅಧ್ಯಯನದಲ್ಲಿ ಅಂಕಿ ಸ್ವಲ್ಪ ಅತ್ತಿತ್ತ ಆಗುತ್ತದೆ, ಆಕಾರ ಹೆಚ್ಚು ಬದಲಾಗುವುದಿಲ್ಲ.

| ದರ್ಜೆ | 1 ವರ್ಷದೊಳಗೆ (ಶೇ) | 5 ವರ್ಷದೊಳಗೆ (ಶೇ) | 10 ವರ್ಷದೊಳಗೆ (ಶೇ) |
|---|---|---|---|
| AAA | 0 | 0.35 | 0.7 |
| AA | 0.02 | 0.3 | 0.7 |
| A | 0.05 | 0.45 | 1.2 |
| BBB | 0.15 | 1.5 | 3 |
| BB | 0.6 | 6.5 | 11.5 |
| B | 3 | 17 | 24 |
| CCC ಮತ್ತು ಕೆಳಗೆ | 27 | 46 | 50 |

ಐದು ವರ್ಷದ ಸಾಲನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಓದಿ. AAAಯಿಂದ Aವರೆಗೆ ಎರಡು ದರ್ಜೆ ಇಳಿದರೂ ಅಂಕಿ ಹೆಚ್ಚುಕಡಿಮೆ ಕದಲುವುದಿಲ್ಲ. AAAಗಿಂತ AAಯ ದರ ಚೂರು ಕಡಿಮೆಯೇ ಕಾಣುತ್ತದೆ. ಅದರಿಂದ AAA ಕೆಟ್ಟದ್ದು ಎಂದು ಅರ್ಥ ಮಾಡಬೇಡಿ. AAA ಕಂಪನಿಗಳು ತೀರಾ ಕಡಿಮೆ, ಹಾಗಾಗಿ ಒಂದೆರಡು ಡೀಫಾಲ್ಟ್ ಆದರೂ ಸರಾಸರಿ ಅಲ್ಲಾಡುತ್ತದೆ. ಮುಂದೆ Aಯಿಂದ BBBಗೆ ಇಳಿದರೆ ಮೂರು ಪಟ್ಟಿಗಿಂತ ಜಾಸ್ತಿ. BBBಯಿಂದ BBಗೆ ನಾಲ್ಕು ಪಟ್ಟಿಗಿಂತ ಜಾಸ್ತಿ. BBಯಿಂದ Bಗೆ ಎರಡೂವರೆ ಪಟ್ಟು. ಆದರೆ ಪಟ್ಟಿನಲ್ಲಿ ನೋಡುವುದು ಒಂದು, ಅಂಕಿಯಲ್ಲಿ ನೋಡುವುದು ಇನ್ನೊಂದು. Aಯಿಂದ BBBಗೆ ನೂರು ಕಂಪನಿಯಲ್ಲಿ ಒಂದು ಹೆಚ್ಚಾಯಿತು. BBಯಿಂದ Bಗೆ ನೂರರಲ್ಲಿ ಹತ್ತಕ್ಕಿಂತ ಜಾಸ್ತಿ ಹೆಚ್ಚಾಯಿತು. ಎರಡೂ "ಒಂದು ದರ್ಜೆ" ಇಳಿತವೇ.

ಆದ್ದರಿಂದ ರೇಟಿಂಗ್‌ಗಳಿಗೆ 1, 2, 3 ಎಂದು ಅಂಕ ಕೊಟ್ಟು ಸರಾಸರಿ ತೆಗೆಯಬೇಡಿ. ಅರ್ಧ ಹಣ AAAಯಲ್ಲಿ, ಅರ್ಧ Bಯಲ್ಲಿ ಇಟ್ಟು "ಸರಾಸರಿ A ಮತ್ತು BBB ನಡುವೆ ಇದೆ" ಎನ್ನುವವರು ಇದ್ದಾರೆ. ಡೀಫಾಲ್ಟ್ ದರಗಳ ಸರಾಸರಿ ತೆಗೆದರೆ ಐದು ವರ್ಷಕ್ಕೆ ಸುಮಾರು ಶೇ 8.7 ಬರುತ್ತದೆ. ಅದು BBಗಿಂತಲೂ ಕೆಳಗಿನ ಜಾಗ. ಮೊದಲು ದರಕ್ಕೆ ಬದಲಾಯಿಸಿ, ಆಮೇಲೆ ಸರಾಸರಿ ತೆಗೆಯಿರಿ.

## ಹಂತ 3: ಬಾಂಡಿನ ಅವಧಿಗೆ ಸರಿಯಾದ ಕಾಲಂ ಆರಿಸಿ

ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲಿ. ಒಂದು ವರ್ಷದ ದರ ಸಿಕ್ಕಿತು, ಬಾಂಡ್ ಐದು ವರ್ಷದ್ದು, ಐದರಿಂದ ಗುಣಿಸಿದರಾಯಿತು ಎಂದು ಮುಗಿಸಿಬಿಡುತ್ತಾರೆ. BBBಗೆ ಹಾಗೆ ಮಾಡಿದರೆ 0.15ರ ಐದು ಪಟ್ಟು, ಅಂದರೆ 0.75 ಬರುತ್ತದೆ. ಪಟ್ಟಿಯಲ್ಲಿ ಇರುವುದು 1.5. ನೀವು ಅಪಾಯವನ್ನು ಅರ್ಧಕ್ಕೆ ಇಳಿಸಿಬಿಟ್ಟಿರಿ. CCCಗೆ ಅದನ್ನೇ ಮಾಡಿದರೆ ಶೇ 135 ಬರುತ್ತದೆ. ನೂರಕ್ಕೆ ನೂರಾ ಮೂವತ್ತೈದು ಕಂಪನಿ ಮುಳುಗಲು ಸಾಧ್ಯವೇ ಇಲ್ಲ.

ಹೀಗಾಗುವುದಕ್ಕೆ ಕಾರಣ ಇದೆ. ಇವತ್ತು BBB ಇರುವ ಕಂಪನಿ ಐದು ವರ್ಷವೂ BBB ಆಗಿಯೇ ಇರುವುದಿಲ್ಲ. ಕೆಲವು ಮೇಲೇರುತ್ತವೆ, ಕೆಲವು BBಗೆ, Bಗೆ ಜಾರುತ್ತವೆ. ಜಾರಿದವುಗಳ ಅಪಾಯ ಹಲವು ಪಟ್ಟು ಏರುತ್ತದೆ. ಅದಕ್ಕೇ ಒಳ್ಳೆಯ ದರ್ಜೆಯಲ್ಲಿ ಅಪಾಯ ವರ್ಷ ಕಳೆದಂತೆ ಬೆಳೆಯುತ್ತದೆ. CCCಯಲ್ಲಿ ಉಲ್ಟಾ. ಅಲ್ಲಿ ಮೊದಲ ವರ್ಷವೇ ಕಾಲುಭಾಗ ಉದುರುತ್ತದೆ. ಆ ವರ್ಷ ದಾಟಿದವರು ಸ್ವಲ್ಪ ಚೇತರಿಸಿಕೊಂಡವರು, ಹಾಗಾಗಿ ಮುಂದಿನ ವರ್ಷಗಳ ಏರಿಕೆ ನಿಧಾನ.

ಆದ್ದರಿಂದ ಗುಣಾಕಾರ ಬೇಡ. ಬಾಂಡಿನ ಉಳಿದ ಅವಧಿಗೆ ಹೊಂದುವ ಒಟ್ಟು ದರವನ್ನೇ ನೇರ ತೆಗೆದುಕೊಳ್ಳಿ. ಹತ್ತು ವರ್ಷದ ಹಿಂದೆ ಹೊರಟ ಬಾಂಡಿಗೆ ಈಗ ಮೂರು ವರ್ಷ ಉಳಿದಿದ್ದರೆ ಮೂರು ವರ್ಷದ ಕಾಲಂ ನೋಡಿ, ರೇಟಿಂಗ್ ಮಾತ್ರ ಇವತ್ತಿನದು ಇರಲಿ. ನಮ್ಮ ಉದಾಹರಣೆಯ ಎರಡೂ ಬಾಂಡಿಗೆ ಐದು ವರ್ಷ ಉಳಿದಿದೆ. BBBಗೆ 1.5, BBಗೆ 6.5.

`Exhibit 1` ಬಳಸುವವರು ಒಂದು ವಿಷಯ ಗಮನಿಸಿ. ಅದರಲ್ಲಿ ರೇಟಿಂಗ್ ಹಿಂಪಡೆದವರಿಗೆ ಬೇರೆ ಕಾಲಂ ಇರುತ್ತದೆ. ಹತ್ತು ವರ್ಷದ ಪಟ್ಟಿಯಲ್ಲಿ ಈ ಪಾಲು ದೊಡ್ಡದಾಗಿರುತ್ತದೆ. ಸಾಲ ತೀರಿಸಿ ಹೋದವರಿಗೆ ಪ್ರತ್ಯೇಕ ಕಾಲಂ ಇದೆ. ಇದರಲ್ಲಿ ಇರುವುದು ಏಜೆನ್ಸಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿದವರಂಥವರು. ಆ ಪಾಲು ದೊಡ್ಡದಿದ್ದಷ್ಟೂ ಪಕ್ಕದ ಡೀಫಾಲ್ಟ್ ಅಂಕಿಯನ್ನು ಕನಿಷ್ಠ ಎಂದು ಓದಿ.

## ಹಂತ 4: ಪ್ಲಸ್, ಮೈನಸ್ ನೋಡದೆ ಮುಂದೆ ಹೋಗಬೇಡಿ

ಮೇಲಿನ ಪಟ್ಟಿಯಲ್ಲಿ ಇಡೀ ದರ್ಜೆಯ ಸರಾಸರಿ ಇದೆ. AAಯಿಂದ CCCವರೆಗೆ ಒಂದೊಂದು ದರ್ಜೆಯೊಳಗೂ ಮೂರು ಮೆಟ್ಟಿಲಿವೆ: BBB+, BBB, BBB-. ಮೂಡೀಸ್‌ನಲ್ಲಿ Baa1, Baa2, Baa3. ಪೂರ್ತಿ ಅಧ್ಯಯನದಲ್ಲಿ ಮೆಟ್ಟಿಲುವಾರು ಅಂಕಿಯೂ ಸಿಗುತ್ತದೆ. ಅದು ಸಿಕ್ಕರೆ ಅದನ್ನೇ ಬಳಸಿ.

ಅದನ್ನು ಬಿಡಿಸಿ ನೋಡಿದಾಗ ಒಂದು ಸಂಗತಿ ಕಾಣುತ್ತದೆ. BBB- ಮತ್ತು BB+ ನಡುವೆ ಡೀಫಾಲ್ಟ್ ದರದಲ್ಲಿ ದೊಡ್ಡ ಪ್ರಪಾತವೇನೂ ಇಲ್ಲ. ಅಕ್ಕಪಕ್ಕದ ಎರಡು ಮೆಟ್ಟಿಲು ಅವು, ಅಷ್ಟೇ. ಆದರೂ ಮಾರುಕಟ್ಟೆ ಆ ಗೆರೆಯನ್ನು ಪ್ರಪಾತದಂತೆ ಕಾಣುತ್ತದೆ. ಇನ್ವೆಸ್ಟ್‌ಮೆಂಟ್ ಗ್ರೇಡ್ ಮಾತ್ರ ಇಟ್ಟುಕೊಳ್ಳಬಹುದು ಎಂಬ ನಿಯಮವಿರುವ ಫಂಡ್‌ಗಳು, ವಿಮಾ ಕಂಪನಿಗಳು ಗೆರೆ ದಾಟಿದ ಬಾಂಡನ್ನು ಮಾರಬೇಕಾಗುತ್ತದೆ ಎಂಬುದೇ ಕಾರಣ. ಅಂದರೆ ಆ ಗೆರೆಯ ಬಳಿ ಇರುವುದು ಡೀಫಾಲ್ಟ್ ಅಪಾಯಕ್ಕಿಂತ ಬೆಲೆ ಕುಸಿಯುವ ಅಪಾಯ.

ನಿಜವಾದ ಪ್ರಪಾತ ಕೆಳಗಿದೆ, ಅಲ್ಲಿ ಯಾರೂ ಬೋರ್ಡ್ ನೆಟ್ಟಿಲ್ಲ. B+ಯಿಂದ B-ಗೆ ಇಳಿದರೆ ಅಕ್ಷರ ಅದೇ B ಆಗಿರುತ್ತದೆ, ಆದರೆ ಒಂದು ವರ್ಷದ ಡೀಫಾಲ್ಟ್ ದರ ಸುಮಾರು ಮೂರು ಪಟ್ಟಾಗುತ್ತದೆ. "ಎರಡೂ B ದರ್ಜೆಯವೇ" ಎಂದು ಯಾರಾದರೂ ಬಾಂಡ್ ತೋರಿಸಿದರೆ, ಪಕ್ಕದ ಚಿಹ್ನೆ ಏನು ಎಂದು ಕೇಳಿ.

## ಹಂತ 5: ವಸೂಲಿ ಸೇರಿಸಿ ನಷ್ಟ ತೆಗೆಯಿರಿ

ಡೀಫಾಲ್ಟ್ ಎಂದರೆ ಪೂರ್ತಿ ಹಣ ಹೋಯಿತು ಎಂದಲ್ಲ. ಬಡ್ಡಿಯೋ ಅಸಲೋ ಹೇಳಿದ ದಿನ ಬರಲಿಲ್ಲ, ಅಥವಾ ಕಷ್ಟಕ್ಕೆ ಸಿಕ್ಕ ಕಂಪನಿ ಹಳೆ ಬಾಂಡಿಗೆ ಬದಲು ಕಡಿಮೆ ಬೆಲೆಯ ಹೊಸದನ್ನು ಕೊಟ್ಟು ಕೈತೊಳೆದುಕೊಂಡಿತು ಎಂದರೂ ಅದು ಡೀಫಾಲ್ಟೇ. ಆಮೇಲೆ ಕೈಗೆ ಬರುವುದು ಎಷ್ಟು ಎಂಬುದು ಸರದಿಯ ಮೇಲೆ ನಿಂತಿದೆ. ಆಸ್ತಿಯ ಭದ್ರತೆ ಇರುವ ಸಾಲಕ್ಕೆ ಮೊದಲು, ಭದ್ರತೆ ಇಲ್ಲದ ಸೀನಿಯರ್ ಸಾಲಕ್ಕೆ ಆಮೇಲೆ, ಸಬಾರ್ಡಿನೇಟೆಡ್ ಸಾಲಕ್ಕೆ ಉಳಿದರೆ. ಭದ್ರತೆ ಇಲ್ಲದ ಸೀನಿಯರ್ ಬಾಂಡ್‌ಗಳಿಗೆ ದೀರ್ಘಕಾಲದ ಸರಾಸರಿ ವಸೂಲಿ ನೂರಕ್ಕೆ ಸುಮಾರು 40 ಎಂದು ಹಿಡಿಯುವುದು ವಾಡಿಕೆ. ಅಂದರೆ ನಷ್ಟ 60.

ಈಗ ಸೂತ್ರ ಸರಳ. ಡೀಫಾಲ್ಟ್ ದರವನ್ನು ನಷ್ಟದ ಪಾಲಿನಿಂದ ಗುಣಿಸಿ, ವರ್ಷಗಳಿಂದ ಭಾಗಿಸಿ:

```
=1.5*0.60/5    → 0.18   (BBB)
=6.5*0.60/5    → 0.78   (BB)
```

ನೂರು ಹಾಕಿದರೆ ವರ್ಷಕ್ಕೆ ಸರಾಸರಿ 0.18 ಕಳೆದುಕೊಳ್ಳುವ ನಿರೀಕ್ಷೆ BBBಯಲ್ಲಿ, 0.78 BBಯಲ್ಲಿ. ಅಂತರ 0.60. ಇದು ನಮ್ಮ ಒಂದು ದರ್ಜೆಯ ವರ್ಷದ ಬೆಲೆ. ಡೀಫಾಲ್ಟ್ ಯಾವ ವರ್ಷ ಆಗುತ್ತದೆ ಎಂಬುದನ್ನು ಈ ಸೂತ್ರ ನೋಡುವುದಿಲ್ಲ, ಆದರೂ ಎರಡು ಬಾಂಡ್ ಹೋಲಿಸಲು ಸಾಕು.

ಏಜೆನ್ಸಿಗಳ ನಡುವೆ ಇಲ್ಲಿ ಒಂದು ಭೇದವಿದೆ. ಎಸ್ ಅಂಡ್ ಪಿ ಮುಖ್ಯವಾಗಿ ಡೀಫಾಲ್ಟ್ ಸಾಧ್ಯತೆಗೆ ಒತ್ತು ಕೊಡುತ್ತದೆ. ಮೂಡೀಸ್ ನಿರೀಕ್ಷಿತ ನಷ್ಟವನ್ನು, ಅಂದರೆ ಡೀಫಾಲ್ಟ್ ಮತ್ತು ವಸೂಲಿ ಎರಡನ್ನೂ ಸೇರಿಸಿ ನೋಡುತ್ತದೆ. ಆದ್ದರಿಂದ ಒಬ್ಬರ ಅಕ್ಷರ ಹಿಡಿದು ಇನ್ನೊಬ್ಬರ ಪಟ್ಟಿ ತೆರೆಯಬೇಡಿ.

## ಹಂತ 6: ಇಳುವರಿಯ ಜೊತೆ ತೂಗಿ, ಆಮೇಲೆ ಒತ್ತಿ ನೋಡಿ

ಸರ್ಕಾರಿ ಬಾಂಡ್ ಐದು ವರ್ಷಕ್ಕೆ ಶೇ 4 ಕೊಡುತ್ತಿದೆ ಎಂದಿಟ್ಟುಕೊಳ್ಳಿ. BBB ಬಾಂಡ್ ಶೇ 5, BB ಬಾಂಡ್ ಶೇ 6.8 ಕೊಡುತ್ತಿವೆ. ಸರ್ಕಾರಿ ಬಾಂಡಿಗಿಂತ ಹೆಚ್ಚು ಸಿಗುವುದು BBBಯಲ್ಲಿ 1, BBಯಲ್ಲಿ 2.8. ನಿರೀಕ್ಷಿತ ನಷ್ಟ ಕಳೆಯಿರಿ. BBBಯಲ್ಲಿ 0.82 ಉಳಿಯಿತು, BBಯಲ್ಲಿ 2.02. ಇಷ್ಟಕ್ಕೇ ನಿಲ್ಲಿಸಿದರೆ BB ಗೆದ್ದಂತೆ ಕಾಣುತ್ತದೆ. ಇಲ್ಲಿ ನಿಲ್ಲಿಸಬೇಡಿ.

ಪಟ್ಟಿಯಲ್ಲಿರುವುದು ಸರಾಸರಿ, ಮತ್ತು ಡೀಫಾಲ್ಟ್‌ಗಳು ವರ್ಷಕ್ಕೆ ಇಷ್ಟು ಎಂದು ಸಮನಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಎಸ್ ಅಂಡ್ ಪಿ ಲೆಕ್ಕದಲ್ಲಿ ಸ್ಪೆಕ್ಯುಲೇಟಿವ್ ಗುಂಪಿನ ದೀರ್ಘಕಾಲದ ಸರಾಸರಿ ವರ್ಷಕ್ಕೆ ಶೇ 4ರ ಆಸುಪಾಸು. 2009ರಲ್ಲಿ ಅದು ಶೇ 10ರ ಹತ್ತಿರ ಹೋಗಿತ್ತು. ಇನ್ವೆಸ್ಟ್‌ಮೆಂಟ್ ಗ್ರೇಡ್ ಗುಂಪಿನಲ್ಲಿ 2008ರಂಥ ಕೆಟ್ಟ ವರ್ಷದಲ್ಲೂ ದರ ಅರ್ಧ ಶೇಕಡಾ ದಾಟಲಿಲ್ಲ. ಕೆಟ್ಟ ಕಾಲದಲ್ಲಿ ಎರಡೂ ಏರುತ್ತವೆ, ಆದರೆ ನಿಮ್ಮ ಹಣಕ್ಕೆ ಬೀಳುವ ಪೆಟ್ಟು ಒಂದೇ ಅಲ್ಲ.

ಹಾಗಾಗಿ ಎರಡೂ ದರಗಳನ್ನು ಮೂರರಿಂದ ಗುಣಿಸಿ ನೋಡಿ. BBB ನಷ್ಟ 0.54, ಉಳಿದದ್ದು 0.46. BB ನಷ್ಟ 2.34, ಉಳಿದದ್ದು 0.46. ಎರಡೂ ಒಂದೇ ಆದವು. ಅಂದರೆ ಈ ಬೆಲೆಯಲ್ಲಿ BB ಕೊಡುವ ಹೆಚ್ಚುವರಿ ಇಳುವರಿ, ಡೀಫಾಲ್ಟ್ ಮೂರು ಪಟ್ಟಾಗುವ ತನಕ ತಡೆಯುತ್ತದೆ. ಕೆಟ್ಟ ಕಾಲದಲ್ಲಿ ವಸೂಲಿಯೂ ಇಳಿಯುತ್ತದೆ, ಏಕೆಂದರೆ ಎಲ್ಲರೂ ಒಟ್ಟಿಗೆ ಆಸ್ತಿ ಮಾರಲು ನಿಲ್ಲುತ್ತಾರೆ. ವಸೂಲಿ 25 ಎಂದು ಹಿಡಿದರೆ ದರ್ಜೆಯ ಬೆಲೆ 0.60ರಿಂದ 0.75ಕ್ಕೆ ಏರುತ್ತದೆ. ತಡೆಯುವ ಮಿತಿ 2.4 ಪಟ್ಟಿಗೆ ಇಳಿಯುತ್ತದೆ.

ಈ ಮಿತಿಯೇ ನೀವು ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆ. ಇಳುವರಿಯ ಅಂತರವನ್ನು ನಷ್ಟದ ಅಂತರದಿಂದ ಭಾಗಿಸಿದರೆ ಸಿಗುತ್ತದೆ: 1.8 ಭಾಗಿಸು 0.60, ಬಂದದ್ದು 3. ನನ್ನ ಅಭಿಪ್ರಾಯದಲ್ಲಿ ಇದು ಎರಡಕ್ಕಿಂತ ಕೆಳಗೆ ಬಂದರೆ ಕೆಳಗಿನ ದರ್ಜೆಗೆ ಇಳಿಯಲು ಕಾರಣವೇ ಉಳಿಯುವುದಿಲ್ಲ. ಬಾಂಡ್ ಬೇಕೆಂದಾಗ ಮಾರಲು ಆಗದಿರುವುದಕ್ಕೂ ಆ ಹೆಚ್ಚುವರಿ ಇಳುವರಿಯಿಂದಲೇ ಪಾಲು ಹೋಗಬೇಕು. ಮಾರುಕಟ್ಟೆ ಹುರುಪಿನಲ್ಲಿರುವಾಗ BBB–BB ಇಳುವರಿ ಅಂತರ ಸಣ್ಣದಾಗುತ್ತದೆ, ಡೀಫಾಲ್ಟ್ ಪಟ್ಟಿಯ ಅಂತರ ಮಾತ್ರ ಹಾಗೇ ಇರುತ್ತದೆ.

## ಹಂತ 7: ಡೀಫಾಲ್ಟ್ ಆಗದೆಯೂ ಆಗುವ ನಷ್ಟ

BBB ಕಂಪನಿ ಒಂದು ವರ್ಷದಲ್ಲಿ ಡೀಫಾಲ್ಟ್ ಆಗುವ ಸಾಧ್ಯತೆ ಶೇ 0.15. ಅದೇ ಒಂದು ವರ್ಷದಲ್ಲಿ ಅದು BB ಅಥವಾ ಇನ್ನೂ ಕೆಳಕ್ಕೆ ಇಳಿಯುವ ಸಾಧ್ಯತೆ ಸುಮಾರು ಶೇ 4. ಡೀಫಾಲ್ಟ್ ಪಟ್ಟಿಯ ಪಕ್ಕದಲ್ಲೇ ಇರುವ ಟ್ರಾನ್ಸಿಷನ್ ಪಟ್ಟಿಯಲ್ಲಿ ಇದು ಸಿಗುತ್ತದೆ. ಹೆಚ್ಚಿನವರು ಆ ಪುಟ ತೆರೆಯುವುದೇ ಇಲ್ಲ.

ಇಳಿದರೆ ಏನಾಗುತ್ತದೆ? ನಮ್ಮ ಬಾಂಡ್ ಶೇ 5ರ ಬದಲು ಶೇ 6.8 ಕೊಡಬೇಕು ಎಂದು ಮಾರುಕಟ್ಟೆ ಕೇಳುತ್ತದೆ. ಬಾಂಡಿಗೆ ನಿಗದಿಯಾದ ಬಡ್ಡಿ, ಅಂದರೆ ಕೂಪನ್, ಬದಲಾಗುವುದಿಲ್ಲ, ಹಾಗಾಗಿ ಬೆಲೆ ಇಳಿಯಬೇಕು. ಐದು ವರ್ಷದ ಇಂಥ ಬಾಂಡಿಗೆ ಇಳುವರಿ ಶೇ 1 ಏರಿದರೆ ಬೆಲೆ ಸುಮಾರು 4.3 ಇಳಿಯುತ್ತದೆ. 1.8 ಏರಿದರೆ 7.5ರಷ್ಟು. ಈಗ ಎರಡನ್ನೂ ಪಕ್ಕಪಕ್ಕ ಇಡಿ. ಡೀಫಾಲ್ಟ್‌ನಿಂದ ಮೊದಲ ವರ್ಷದ ನಿರೀಕ್ಷಿತ ನಷ್ಟ 0.15ರ ಶೇ 60, ಅಂದರೆ 0.09. ಡೌನ್‌ಗ್ರೇಡ್‌ನಿಂದ 7.5ರ ಶೇ 4, ಅಂದರೆ ಸುಮಾರು 0.30. ಮೂರು ಪಟ್ಟಿಗಿಂತ ಜಾಸ್ತಿ.

ಕೊನೆಯ ದಿನದವರೆಗೆ ಇಟ್ಟುಕೊಳ್ಳುವವರಿಗೆ ಈ ಬೆಲೆ ಇಳಿತ ಕಾಗದದ ಮೇಲಷ್ಟೇ, ಕಂಪನಿ ಉಳಿದರೆ ಹಣ ಪೂರ್ತಿ ಬರುತ್ತದೆ. ಮಧ್ಯದಲ್ಲಿ ಮಾರಬೇಕಾಗಬಹುದು ಎನ್ನುವವರಿಗೆ ಮಾತ್ರ BBBಯ ಮುಖ್ಯ ಅಪಾಯ ಡೀಫಾಲ್ಟ್ ಅಲ್ಲ, ಇದು.

## ಹಂತ 8: ಒಂದು ಬಾಂಡೋ, ಇಪ್ಪತ್ತೋ?

ನಿರೀಕ್ಷಿತ ನಷ್ಟ ವರ್ಷಕ್ಕೆ 0.78 ಎಂಬುದು ಹಲವು ಬಾಂಡ್‌ಗಳ ಸರಾಸರಿ. ಕೈಯಲ್ಲಿ ಒಂದೇ BB ಬಾಂಡ್ ಇದ್ದರೆ 0.78 ಎಂದೂ ಹೋಗುವುದಿಲ್ಲ. ಒಂದೋ ಸೊನ್ನೆ, ಇಲ್ಲ 60. ಎಲ್ಲಾ ಹಣವನ್ನು ಒಂದೇ BB ಕಂಪನಿಗೆ ಹಾಕಿ "ಸರಾಸರಿ ಲಾಭ ಇದೆ" ಎನ್ನುವುದು ತಪ್ಪು ಲೆಕ್ಕ.

ಇಪ್ಪತ್ತು ಬಾಂಡ್ ಇದ್ದರೆ ಐದು ವರ್ಷದಲ್ಲಿ ಒಂದಾದರೂ ಡೀಫಾಲ್ಟ್ ಕಾಣುವ ಸಾಧ್ಯತೆ:

```
=1-(1-0.015)^20   → 0.26   (BBB)
=1-(1-0.065)^20   → 0.74   (BB)
```

BBBಯಲ್ಲಿ ಒಂದೂ ಡೀಫಾಲ್ಟ್ ಕಾಣದೆ ಮುಗಿಸುವುದು ಸಾಮಾನ್ಯ. BBಯಲ್ಲಿ ಒಂದಾದರೂ ಕಾಣುವುದೇ ಸಾಮಾನ್ಯ. BB ಪಟ್ಟಿ ಕಟ್ಟುವವರು ಮೊದಲ ಡೀಫಾಲ್ಟ್ ಬಂದಾಗ ಗಾಬರಿಯಾಗಿ ಎಲ್ಲವನ್ನೂ ಮಾರಿ, ಲೆಕ್ಕದಲ್ಲಿ ಆಗಲೇ ಇದ್ದ ನಷ್ಟವನ್ನು ದೊಡ್ಡದು ಮಾಡಿಕೊಳ್ಳುತ್ತಾರೆ. ಈ ಸೂತ್ರ ಪ್ರತಿ ಕಂಪನಿಯ ಹಣೆಬರಹ ಬೇರೆ ಬೇರೆ ಎಂದು ನಂಬುತ್ತದೆ. ಇಪ್ಪತ್ತೂ ಒಂದೇ ಉದ್ಯಮದವಾದರೆ ಆ ನಂಬಿಕೆ ನಿಲ್ಲುವುದಿಲ್ಲ. ಆಗ ಹೆಚ್ಚಿನ ಸಲ ಒಂದೂ ಬೀಳುವುದಿಲ್ಲ, ಬಿದ್ದರೆ ನಾಲ್ಕೈದು ಒಟ್ಟಿಗೆ ಬೀಳುತ್ತವೆ.

## ರೇಟಿಂಗ್ ಹಳಸಿದೆ ಎಂದು ತಿಳಿಯುವುದು ಹೇಗೆ

ಇಡೀ ಲೆಕ್ಕ ನಿಂತಿರುವುದು ಅಕ್ಷರ ಇವತ್ತಿನ ಸ್ಥಿತಿಯನ್ನು ಹೇಳುತ್ತಿದೆ ಎಂಬುದರ ಮೇಲೆ. ಏಜೆನ್ಸಿಗಳು ಒಂದು ಕೆಟ್ಟ ತ್ರೈಮಾಸಿಕಕ್ಕೆಲ್ಲ ರೇಟಿಂಗ್ ಅಲ್ಲಾಡಿಸುವುದಿಲ್ಲ. ಒಳ್ಳೆ ಕಾಲ ಕೆಟ್ಟ ಕಾಲ ಎರಡನ್ನೂ ದಾಟಿ ನೋಡಬೇಕೆಂಬುದು ಅವರ ಪದ್ಧತಿ. ಅದರಿಂದ ರೇಟಿಂಗ್ ಸ್ಥಿರವಾಗಿರುತ್ತದೆ, ಆದರೆ ತಡವೂ ಆಗುತ್ತದೆ. ಎನ್ರಾನ್ ಇನ್ವೆಸ್ಟ್‌ಮೆಂಟ್ ಗ್ರೇಡ್ ಕಳೆದುಕೊಂಡದ್ದು 2001ರ ನವೆಂಬರ್ 28ರಂದು, ದಿವಾಳಿ ಅರ್ಜಿ ಹಾಕಿದ್ದು ಡಿಸೆಂಬರ್ 2ರಂದು. ಲೇಮನ್ ಬ್ರದರ್ಸ್ 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕುವ ತನಕ A ದರ್ಜೆಯಲ್ಲೇ ಇತ್ತು.

ಮೊದಲು ನೋಡಬೇಕಾದ ಸುಳಿವು ಇಳುವರಿ. ನಿಮ್ಮ BBB ಬಾಂಡ್ ಬೇರೆ BBBಗಳಂತೆ ಶೇ 5 ಕೊಡದೆ ಶೇ 8ಕ್ಕೆ ಸಿಗುತ್ತಿದ್ದರೆ ಅದು ಅಗ್ಗದ ಮಾಲಲ್ಲ. ಮಾರುಕಟ್ಟೆ ಅದನ್ನು ಸುಮ್ನೆ ಆ ಬೆಲೆಗೆ ತಂದಿಲ್ಲ, BBಗಿಂತ ಕೆಳಗೆ ಎಂದು ಓದುತ್ತಿದೆ. ಹಾಗಿದ್ದಾಗ ಏಜೆನ್ಸಿಯ ಅಕ್ಷರ ಬದಿಗಿಟ್ಟು, ಆ ಇಳುವರಿ ಯಾವ ದರ್ಜೆಗೆ ಹೊಂದುತ್ತದೋ ಆ ದರ್ಜೆಯ ಡೀಫಾಲ್ಟ್ ದರ ಹಾಕಿ ಹಂತ 5ರಿಂದ ಮತ್ತೆ ಲೆಕ್ಕ ಮಾಡಿ. ಲಾಭ ಉಳಿಯದಿದ್ದರೆ ಬಾಂಡ್ ಬಿಟ್ಟುಬಿಡಿ.

ಎರಡನೆಯದು ಅಕ್ಷರದ ಪಕ್ಕದ ಮಾತು. ಔಟ್‌ಲುಕ್ ನೆಗೆಟಿವ್ ಎಂದರೆ ಮುಂದಿನ ಒಂದೆರಡು ವರ್ಷದೊಳಗೆ ಇಳಿಯಬಹುದು ಎಂಬ ಸೂಚನೆ. ಎಸ್ ಅಂಡ್ ಪಿಯ ಕ್ರೆಡಿಟ್‌ವಾಚ್ ಇನ್ನೂ ಹತ್ತಿರದ್ದು, ಸಾಮಾನ್ಯವಾಗಿ 90 ದಿನದೊಳಗೆ ತೀರ್ಮಾನ ಬರುತ್ತದೆ. BBB- ಜೊತೆ ಕ್ರೆಡಿಟ್‌ವಾಚ್ ನೆಗೆಟಿವ್ ಇದ್ದರೆ ಲೆಕ್ಕಕ್ಕೆ BB+ ಅಂಕಿ ಹಾಕಿಕೊಳ್ಳಿ.

ಮೂರನೆಯದು ವರದಿಯೊಳಗಿನ ಡೌನ್‌ಗ್ರೇಡ್ ಷರತ್ತು. "ಸಾಲ ವಾರ್ಷಿಕ ಗಳಿಕೆಯ ಇಷ್ಟು ಪಟ್ಟು ದಾಟಿದರೆ ರೇಟಿಂಗ್ ಇಳಿಸುತ್ತೇವೆ" ಎಂಬಂಥ ಸಾಲು ಅಲ್ಲಿ ಇರುತ್ತದೆ. ಕಂಪನಿಯ ಹೊಸ ಫಲಿತಾಂಶ ಬಂದಾಗ ಆ ಒಂದು ಅನುಪಾತವನ್ನು ನೀವೇ ತೆಗೆದು ನೋಡಿ. ಮಿತಿ ಆಗಲೇ ದಾಟಿದ್ದು ರೇಟಿಂಗ್ ಇನ್ನೂ ಬದಲಾಗದಿದ್ದರೆ, ಏಜೆನ್ಸಿ ಇಳಿಸುವ ಮೊದಲೇ ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ ಒಂದು ಮೆಟ್ಟಿಲು ಇಳಿಸಿ. ಮುಂದಿನ ಎರಡು ವರ್ಷದಲ್ಲಿ ತೀರಬೇಕಾದ ದೊಡ್ಡ ಸಾಲ ಇದ್ದು, ಅದಕ್ಕೆ ಹಣ ಎಲ್ಲಿಂದ ಎಂಬುದು ವರದಿಯಲ್ಲಿ ಇಲ್ಲದಿದ್ದರೂ ಹಾಗೇ ಮಾಡಿ.

ರೇಟಿಂಗ್ ಯಾವ ದಿನದ್ದು ಎಂದೂ ನೋಡಿ. ವರದಿಗೆ ವರ್ಷ ದಾಟಿದ್ದರೆ, ಅಥವಾ ಕಂಪನಿ ಮಾಹಿತಿ ಕೊಡುತ್ತಿಲ್ಲ ಎಂದು ಏಜೆನ್ಸಿ ಬರೆದಿದ್ದರೆ, ಆ ಅಕ್ಷರದ ಮೇಲೆ ಮೇಲಿನ ಯಾವ ಹಂತವನ್ನೂ ಕಟ್ಟಬೇಡಿ.